ಗ್ರಾಫೈಟ್ ವಜ್ರವಾಗಲು ಎಷ್ಟು ಒತ್ತಡ ಬೇಕು: ನಾನು ಲೆಕ್ಕ ಹಿಡಿದ ಬಗೆ

ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದು ಒಂದೇ, ಪುಸ್ತಕದ ಉತ್ತರ ಬರೆಸಿ ಸಾಕು ಸರ್ ಅಂತ. ನನಗೆ ಮಾತ್ರ ಗ್ರಾಫೈಟ್‌ನ ಗಾತ್ರವನ್ನು ನಾನೇ ಅಳೆದು ಲೆಕ್ಕ ಮಾಡಬೇಕಿತ್ತು. ಗ್ರಾಫೈಟ್, ವಜ್ರಗಳ ಮುಕ್ತ ಶಕ್ತಿಯ ವ್ಯತ್ಯಾಸವನ್ನು ಅವುಗಳ ಗಾತ್ರದ ವ್ಯತ್ಯಾಸದಿಂದ ಭಾಗಿಸಿದರೆ ಬೇಕಾದ ಒತ್ತಡ ಸಿಗುತ್ತದೆ.

ಮೊದಲು ಪೆನ್ಸಿಲ್ ಕಡ್ಡಿ ತೂಗಿದೆ. ಅದರಲ್ಲಿ ಜೇಡಿಮಣ್ಣು ಸೇರಿರುತ್ತದೆ, ಉಪಯೋಗವಿಲ್ಲ. ಆಮೇಲೆ ಎಲೆಕ್ಟ್ರೋಡ್ ಕಡ್ಡಿ ತಂದೆ, ಸುಮಾರು 450 ರೂಪಾಯಿ. ನೀರಲ್ಲಿ ಮುಳುಗಿಸಿ ನೋಡಿದರೆ ಸಾಂದ್ರತೆ 1.7ರ ಹತ್ತಿರ ಬಂತು. ಅಂದರೆ ಮೋಲಿಗೆ 7 ಘನ ಸೆಂಟಿಮೀಟರ್. ಒತ್ತಡ ಬರೀ 8 ಸಾವಿರ ಅಟ್ಮಾಸ್ಫಿಯರ್ ಅಂತ ಬಂದಾಗಲೇ ತಪ್ಪಿದೆ ಅಂತ ಗೊತ್ತಾಯ್ತು. ಕಡ್ಡಿಯ ತುಂಬಾ ಸಣ್ಣ ಸಣ್ಣ ತೂತು, ಆ ಖಾಲಿ ಜಾಗವನ್ನೂ ನಾನು ಇಂಗಾಲ ಅಂತ ಲೆಕ್ಕ ಹಾಕಿದ್ದೆ. ಇನ್ನೂ ಎರಡು ಕಡ್ಡಿ ಹೀಗೇ ಹಾಳಾದವು.

ಕೊನೆಗೆ ಕಡ್ಡಿಯನ್ನು ಕುಟ್ಟಿ ಪುಡಿ ಮಾಡಿ, ಸ್ಪೆಸಿಫಿಕ್ ಗ್ರ್ಯಾವಿಟಿ ಬಾಟಲಿಗೆ ಸೀಮೆಎಣ್ಣೆ ಜೊತೆ ಹಾಕಿದೆ. ಪುಡಿಗೆ ಅಂಟಿದ ಗಾಳಿಗುಳ್ಳೆ ಬಿಡಿಸುವುದೇ ಕಷ್ಟದ ಕೆಲಸ. ಅದನ್ನು ಹೇಗೆ ಬಿಡಿಸಿದೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಸಾಂದ್ರತೆ 2.2 ದಾಟಿತು. ಪುಸ್ತಕದಲ್ಲಿರುವುದು 2.26, ಮೋಲಿಗೆ 5.3. ವಜ್ರಕ್ಕೆ 3.42. ವ್ಯತ್ಯಾಸ 1.88.

ಮುಕ್ತ ಶಕ್ತಿಯಲ್ಲಿ ವಜ್ರ ಮೋಲಿಗೆ 2900 ಜೂಲ್ ಮೇಲಿದೆ. ಜೂಲ್ ಅನ್ನು ಘನ ಸೆಂಟಿಮೀಟರ್‌ನಿಂದ ಭಾಗಿಸಿದರೆ ಉತ್ತರ ನೇರವಾಗಿ ಮೆಗಾಪಾಸ್ಕಲ್‌ನಲ್ಲೇ ಬರುತ್ತದೆ, ಸೊನ್ನೆ ಎಣಿಸುವ ಗೋಜಿಲ್ಲ:

```
2900 / 1.88 ≈ 1540 MPa
```

ಅಂದರೆ 25 ಡಿಗ್ರಿಯಲ್ಲಿ 15 ಸಾವಿರ ಅಟ್ಮಾಸ್ಫಿಯರ್. ಆಗ ಒಬ್ಬರು ಕೇಳಿದರು, ಕಾರ್ಖಾನೆಯಲ್ಲಿ 50 ಸಾವಿರಕ್ಕಿಂತ ಜಾಸ್ತಿ ಒತ್ತುತ್ತಾರಲ್ಲ, ನಿಮ್ಮದು ಹೇಗೆ ಸರಿ? ಒಳ್ಳೆಯ ಪ್ರಶ್ನೆಯೇ. 15 ಸಾವಿರ ದಾಟಿದರೆ ವಜ್ರದ ಕಡೆ ತಕ್ಕಡಿ ವಾಲುತ್ತದೆ, ಅಷ್ಟೇ. ಆದರೆ ಆ ತಣ್ಣನೆಯಲ್ಲಿ ಪರಮಾಣುಗಳು ಕದಲುವುದಿಲ್ಲ. ನಮ್ಮ ಉಂಗುರದ ವಜ್ರ ಗ್ರಾಫೈಟ್ ಆಗದೆ ಉಳಿದಿರೋದೂ ಇದಕ್ಕೇ ಅಲ್ವಾ? ಕದಲಿಸಲು ಬಿಸಿ ಬೇಕು. ಬಿಸಿ ಕೊಟ್ಟರೆ ಬೇಕಾದ ಒತ್ತಡವೂ ಏರುತ್ತದೆ, ಯಾಕೆಂದರೆ ವಜ್ರದ ಎಂಟ್ರೊಪಿ ಮೋಲಿಗೆ, ಪ್ರತಿ ಕೆಲ್ವಿನ್‌ಗೆ 3.36 ಜೂಲ್ ಕಡಿಮೆ.

1700 ಕೆಲ್ವಿನ್‌ಗೆ ಹಾಕಿ ನೋಡಿದೆ, ಇಲ್ಲಿ 1895 ಜೂಲ್ ಅನ್ನೋದು ಎರಡರ ಎಂಥಾಲ್ಪಿ ವ್ಯತ್ಯಾಸ:

```
(1895 + 3.36 × 1700) / 1.88 ≈ 4050 MPa
```

40 ಸಾವಿರ ಬಂತು, ಇನ್ನೂ ಸಾಲದು. ತಪ್ಪು ಇದ್ದದ್ದು 1.88ರಲ್ಲಿ. ಗ್ರಾಫೈಟ್‌ನ ಪದರಗಳು ಒತ್ತಡಕ್ಕೆ ಬೇಗ ಹತ್ತಿರ ಬರುತ್ತವೆ, ವಜ್ರ ಜಗ್ಗುವುದಿಲ್ಲ. ಹಾಗಾಗಿ ವ್ಯತ್ಯಾಸ ಕಿರಿದಾಗುತ್ತಾ ಹೋಗುತ್ತದೆ. ಸರಾಸರಿ 1.6 ಇಟ್ಟಾಗ 47 ಸಾವಿರ ಬಂತು! ಸುಮ್ನೆ ಕಾಗದದ ಮೇಲಿನ ಲೆಕ್ಕಕ್ಕೆ ಇದು ಬಹಳ ಹತ್ತಿರ, ಕೇಳಿದವರೂ ಒಪ್ಪಿದರು.

ಇಷ್ಟಾದರೂ ಬರೀ ಗ್ರಾಫೈಟ್ ಈ ಒತ್ತಡದಲ್ಲಿ ಸುಲಭಕ್ಕೆ ಬದಲಾಗುವುದಿಲ್ಲ. 1954ರ ಡಿಸೆಂಬರ್‌ನಲ್ಲಿ ಜನರಲ್ ಎಲೆಕ್ಟ್ರಿಕ್‌ನ ಟ್ರೇಸಿ ಹಾಲ್ ಕಬ್ಬಿಣದ ಸಲ್ಫೈಡ್ ಬಳಸಿ ವಜ್ರ ತೆಗೆದರು. ಈಗ ಕಬ್ಬಿಣ, ನಿಕಲ್ ಕರಗಿಸುತ್ತಾರೆ. ಇಂಗಾಲ ಆ ದ್ರವದಲ್ಲಿ ಕರಗಿ, ವಜ್ರವಾಗಿ ಹೊರಬರುತ್ತದೆ.