ಕೆಲ್ವಿನ್‌ಗೆ ಡಿಗ್ರಿ ಯಾಕಿಲ್ಲ? ತಾಪಮಾನ ಬರೆಯುವ ಕ್ರಮ

ಪಿಯುಸಿ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ 300 °K ಎಂದು ಬರೆದಿದ್ದರೆ ಮೇಷ್ಟ್ರು ಆ ಪುಟ್ಟ ಸೊನ್ನೆಯನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಹಾಗಂತ ಅಜ್ಜನ ಕಾಲದ ಪುಸ್ತಕದಲ್ಲಿ °K ಕಂಡರೆ ಅದು ಅಚ್ಚಿನ ದೋಷವಲ್ಲ, ಆಗ ಅದೇ ಸರಿಯಾಗಿತ್ತು. 1967–68ರಲ್ಲಿ ಸೇರಿದ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನ ‘ಡಿಗ್ರಿ ಕೆಲ್ವಿನ್’ ಎಂಬ ಹೆಸರನ್ನು ಬರೀ ‘ಕೆಲ್ವಿನ್’ ಎಂದೂ, ಚಿಹ್ನೆಯನ್ನು K ಎಂದೂ ಬದಲಿಸಿತು.

ಕಾರಣ ಸೊನ್ನೆಯಲ್ಲಿದೆ. ಸೆಲ್ಸಿಯಸ್‌ನ ಸೊನ್ನೆ ನಾವೇ ಇಟ್ಟುಕೊಂಡ ಗುರುತು, ಮಂಜುಗಡ್ಡೆ ಕರಗುವ ಹಂತ. 20 °C ಎಂದರೆ ಆ ಗುರುತಿನಿಂದ ಇಪ್ಪತ್ತು ಮೆಟ್ಟಿಲು ಮೇಲೆ ಎಂದಷ್ಟೇ ಅರ್ಥ. ಹಾಗಾಗಿ 40 °C ಅದರ ಎರಡರಷ್ಟು ಬಿಸಿಯಲ್ಲ. ಕೆಲ್ವಿನ್‌ನ ಸೊನ್ನೆಯಾದರೋ ನಿಸರ್ಗದ್ದೇ, ಅದರ ಕೆಳಗೆ ತಾಪಮಾನವೇ ಇಲ್ಲ. ಅಲ್ಲಿಂದ ಎಣಿಸುವ ಕೆಲ್ವಿನ್, ಮೀಟರ್ ಕಿಲೋಗ್ರಾಂಗಳಂತೆ ನೇರವಾದ ಮಾನ. ‘ಡಿಗ್ರಿ ಮೀಟರ್’ ಅಂತ ಯಾರೂ ಹೇಳುವುದಿಲ್ಲವಲ್ಲ!

ಈಗ ಬರೆಯುವ ಕ್ರಮ. ಮೊದಲು ಸಂಖ್ಯೆ, ಆಮೇಲೆ ಒಂದು ಜಾಗ ಬಿಟ್ಟು ಚಿಹ್ನೆ: 300 K, 27 °C. ಡಿಗ್ರಿ ಗುರುತು ಅಂಟಿಕೊಳ್ಳಬೇಕಾದದ್ದು C ಅಕ್ಷರಕ್ಕೆ, ಸಂಖ್ಯೆಗಲ್ಲ. 27° C ಎಂಬುದು ಎಲ್ಲೆಲ್ಲೂ ಕಾಣುವ ತಪ್ಪು. ಕೋನದ ಡಿಗ್ರಿಗೆ ಮಾತ್ರ ಜಾಗ ಬಿಡುವಂತಿಲ್ಲ, 30° ಎಂದೇ ಬರೆಯಬೇಕು. K ಯಾವಾಗಲೂ ದೊಡ್ಡಕ್ಷರ, ಏಕೆಂದರೆ ಅದು ವಿಜ್ಞಾನಿ ಕೆಲ್ವಿನ್ ಹೆಸರಿನಿಂದ ಬಂದದ್ದು. ಸಣ್ಣ k ಕಿಲೋಗೆ ಮೀಸಲು.

ಟೈಪ್ ಮಾಡುವಾಗ ಇಂಗ್ಲಿಷಿನ o ಅಕ್ಷರವನ್ನು ಮೇಲೇರಿಸುವ ಅಭ್ಯಾಸ ಬೇಡ. ನಕಲು ಮಾಡಿ ಬೇರೆಡೆ ಅಂಟಿಸಿದರೆ 27oC ಆಗಿಬಿಡುತ್ತದೆ. ವಿಂಡೋಸ್‌ನಲ್ಲಿ Alt ಒತ್ತಿಹಿಡಿದು ಬಲಬದಿಯ ಸಂಖ್ಯಾ ಕೀಲಿಗಳಲ್ಲಿ 0176 ಒತ್ತಿದರೆ ನಿಜವಾದ ° ಬರುತ್ತದೆ.

ನಿಜವಾದ ಎಡವಟ್ಟು ಆಗುವುದು ವ್ಯತ್ಯಾಸ ಬರೆಯುವಾಗ. ಅರ್ಧ ಕಿಲೋ ನೀರನ್ನು 25 °Cನಿಂದ 80 °Cಗೆ ಕಾಯಿಸಿದಿರಿ ಎನ್ನಿ. ಏರಿಕೆ 55 °C. ಕೆಲ್ವಿನ್‌ನಲ್ಲೂ ಅದು 55 K ಮಾತ್ರ, ಏಕೆಂದರೆ ಎರಡರ ಮೆಟ್ಟಿಲಿನ ಎತ್ತರ ಒಂದೇ, ಶುರುವಾಗುವ ಜಾಗವಷ್ಟೇ ಬೇರೆ. 273.15 ಕೂಡಿಸಬೇಕಾದದ್ದು ಥರ್ಮಾಮೀಟರ್ ತೋರಿಸಿದ ತಾಪಮಾನಕ್ಕೆ, ಏರಿಳಿತಕ್ಕಲ್ಲ. ನೀರಿನ ವಿಶಿಷ್ಟೋಷ್ಣವನ್ನು 4200 J/(kg·K) ಎಂದು ಹಿಡಿದರೆ ಬೇಕಾದ ಶಾಖ ಹೀಗೆ:

```
0.5 × 4200 × 55 = 115500 J
```

ಏರಿಕೆಗೇ 273.15 ಕೂಡಿಸಿ 328.15 ಎಂದು ಹಾಕಿದವರಿಗೆ ಸುಮಾರು 689000 J ಬರುತ್ತದೆ, ಸರಿಯುತ್ತರದ ಆರು ಪಟ್ಟು. ಅನುಮಾನ ಬಂದರೆ ಎರಡೂ ತಾಪಮಾನಗಳನ್ನು ಮೊದಲೇ ಕೆಲ್ವಿನ್‌ಗೆ ತಿರುಗಿಸಿ ಕಳೆದು ನೋಡಿ: 353.15 ರಲ್ಲಿ 298.15 ಹೋದರೆ ಉಳಿಯುವುದು ಅದೇ 55.