ರೈಲಿನ ಗುಡುಗುಡುವಿಗೆ ಎದುರಲೆ: ಹೆಡ್‌ಫೋನ್ ನುಂಗುವುದೇನು, ಬಿಡುವುದೇನು

ಎಸಿ ಬೋಗಿಯಲ್ಲಿ ಹಾಡು ಹಾಕದೆ ನಾಯ್ಸ್ ಕ್ಯಾನ್ಸಲಿಂಗ್ ಮಾತ್ರ ಆನ್ ಮಾಡಿದರೆ ಚಕ್ರದ ಗುಡುಗುಡು, ಬ್ಲೋವರಿನ ಗುಂಯ್ ಎರಡೂ ಇಳಿಯುತ್ತವೆ. ಎದುರು ಬರ್ತಿನ ಮಗುವಿನ ಅಳು ಮಾತ್ರ ಕೇಳುತ್ತಲೇ ಇರುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ, ಅದಕ್ಕೆ ಸಮಯ ಸಾಲುತ್ತಿಲ್ಲ.

ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಹೆಡ್‌ಫೋನಿನ ಕಿವಿ ಮುಚ್ಚುವ ಕಪ್ಪಿನ ಹೊರಗಿನ ಮೈಕ್ ಅದನ್ನು ಹಿಡಿಯುತ್ತದೆ, ಚಿಪ್ ತಿರುಗಿಸುತ್ತದೆ, ಸ್ಪೀಕರ್ ಏರಿಗೆ ಇಳಿತವನ್ನೂ ಇಳಿತಕ್ಕೆ ಏರನ್ನೂ ನುಡಿಸುತ್ತದೆ. ಇದೇ ಎದುರಲೆ. ಉಳಿದದ್ದೆಷ್ಟೆಂದು ಒಳಗಿನ ಮೈಕ್ ನೋಡಿಕೊಳ್ಳುತ್ತದೆ. ಎರಡು ಅಲೆ ಒಂದೇ ಗಳಿಗೆಗೆ ಕಿವಿಯ ಬಳಿ ಕೂಡಿದರಷ್ಟೇ ಸೊನ್ನೆ.

ಇದನ್ನು ಲ್ಯಾಪ್‌ಟಾಪಿನಲ್ಲೇ ಕೇಳಬಹುದು. Audacity ಎಂಬ ಧ್ವನಿ ಎಡಿಟ್ ಮಾಡುವ ತಂತ್ರಾಂಶದಲ್ಲಿ ಸೆಕೆಂಡಿಗೆ 48000 ಸ್ಯಾಂಪಲ್‌ನ, ಅಂದರೆ 48000 Hz ಪ್ರಾಜೆಕ್ಟ್ ತೆರೆದು, 100 Hz ಟೋನನ್ನು 0.4 ಮಟ್ಟದಲ್ಲಿ ಎರಡು ಟ್ರ್ಯಾಕಿಗೆ ಹಾಕಿ, ಒಂದಕ್ಕೆ Invert ಕೊಡುತ್ತೇನೆ. ನುಡಿಸಿದರೆ ನಿಶ್ಶಬ್ದ. ಈಗ ಒಂದು ಟ್ರ್ಯಾಕಿನ ಮೊದಲ 5 ಸ್ಯಾಂಪಲ್ ಕತ್ತರಿಸಿದರೆ ಅಲೆಗಳು ಸುಮಾರು 0.1 ಮಿಲಿಸೆಕೆಂಡು ಹಿಂದುಮುಂದಾಗುತ್ತವೆ. 100 Hz-ನಲ್ಲಿ ಅಲೆಯ ಎತ್ತರ ನೂರಕ್ಕೆ ಆರೂವರೆಯಷ್ಟು ಮಾತ್ರ ಉಳಿಯುತ್ತದೆ. ಅದೇ ತಪ್ಪಿಗೆ 1000 Hz-ನಲ್ಲಿ ನೂರಕ್ಕೆ ಅರವತ್ತನಾಲ್ಕು ಉಳಿದರೆ, 2000 Hz-ನಲ್ಲಿ ನೂರಿಪ್ಪತ್ತು ದಾಟುತ್ತದೆ, ಅಂದರೆ ಇದ್ದ ಸದ್ದಿಗಿಂತ ಜಾಸ್ತಿ! ಅದಕ್ಕೇ ತಯಾರಕರು ಎದುರಲೆಯನ್ನು ಕೆಳಸ್ಥಾಯಿಗೇ ಮೀಸಲಿಟ್ಟು, ಮೇಲಿನದ್ದನ್ನು ಕಪ್ಪಿನ ಮೆತ್ತೆಗೆ ಬಿಡುತ್ತಾರೆ. ಅಳು ತಗ್ಗುವುದು ಬಹುಪಾಲು ಆ ಮೆತ್ತೆಯಿಂದಲೇ.

ಆದರೆ ಗುಡುಗುಡುವೇ ತಗ್ಗದಿದ್ದರೆ ನಾನು ಮೊದಲು ನೋಡುವುದು ಕನ್ನಡಕವನ್ನು. ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದ ಚಿಕ್ಕ ಸಂದಿಯಿಂದ ರೈಲಿನ ಸದ್ದು ಒಳಗೆ ಬರುತ್ತದೆ. ಸ್ಪೀಕರಿನ ಕೆಳಸ್ಥಾಯಿಯ ಒತ್ತಡ ಹೊರಗೆ ಸೋರಿ ಎದುರಲೆ ಸೊರಗುತ್ತದೆ. ಎರಡೂ ಕಪ್ಪನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಗುಡುಗುಡು ತಟ್ಟನೆ ಇಳಿದರೆ ಸೋರಿಕೆ ಖಚಿತ. ಕಡ್ಡಿಯನ್ನು ತುಸು ಮೇಲೆತ್ತಿ ಕೂರಿಸಿ, ಮೆತ್ತೆಯಡಿಗೆ ಸಿಕ್ಕಿದ ಕೂದಲು ಸರಿಸಿ. ಮೆತ್ತೆಯ ಮೇಲ್ಪದರ ಸುಲಿದು ಸ್ಪಂಜು ಕಾಣುತ್ತಿದ್ದರೆ ಅದನ್ನೇ ಬದಲಿಸಬೇಕು.

ಸ್ಲೀಪರ್ ಬೋಗಿಯ ತೆರೆದ ಕಿಟಕಿಯ ಪಕ್ಕದ ಗೋಳು ಬೇರೆ. ಗಾಳಿ ನೇರ ಹೊರ ಮೈಕಿಗೆ ಬಡಿದು ಬುರಬುರ ಎಬ್ಬಿಸುತ್ತದೆ. ಅದು ಮೈಕಿನ ಬಾಯಲ್ಲೇ ಹುಟ್ಟಿದ ಸದ್ದು, ಕಿವಿಯ ಹತ್ತಿರ ಅದಕ್ಕೆ ಜೋಡಿಯಿಲ್ಲ. ಹೆಡ್‌ಫೋನ್ ಅದಕ್ಕೂ ಎದುರಲೆ ಕಟ್ಟಿದಾಗ ಕಳೆಯಲು ಏನೂ ಇರದೆ ಅದೇ ಹೊಸ ಗದ್ದಲವಾಗಿ ಕೇಳುತ್ತದೆ. ಮೈಕಿನ ತೂತಿಗೆ ಗಾಳಿ ತಾಗದಂತೆ ಅಂಗೈ ಅಡ್ಡ ಹಿಡಿದಾಗ ಬುರಬುರ ನಿಂತರೆ ಕಾರಣ ಇದೇ. ಆ್ಯಪಿನಲ್ಲಿ ಗಾಳಿಸದ್ದು ತಗ್ಗಿಸುವ ಆಯ್ಕೆಯಿದ್ದರೆ ಹಾಕಿ. ಇಲ್ಲದಿದ್ದರೆ ಕಿಟಕಿ ಇಳಿಸಿ, ಇಲ್ಲವೇ ನಾಯ್ಸ್ ಕ್ಯಾನ್ಸಲಿಂಗನ್ನೇ ಆಫ್ ಮಾಡಿ ಮೆತ್ತೆಯನ್ನಷ್ಟೇ ನೆಚ್ಚಿಕೊಳ್ಳಿ.