ಜಾಹೀರಾತಿನ ಟ್ಯೂನ್ ಕೇಳಿಸಿ ಧಾರಾವಾಹಿ ಹೆಸರು ಹೇಳಿಸುವ ರೌಂಡ್: ನನ್ನ ಅನುಭವ

'ಜಿಂಗಲ್ ರೌಂಡ್ ನಡೆಯಲ್ಲ, ಬರೀ ಜಗಳ ಆಗುತ್ತೆ' ಅಂತ ನಮ್ಮ ಕ್ವಿಜ್ ಬಳಗದ ಹಿರಿಯರೊಬ್ಬರು ಹೇಳಿದ್ದರು. ಮೊದಮೊದಲು ಆಗಿದ್ದೂ ಅದೇ. ಈಗ ಅದೇ ರೌಂಡನ್ನ ಜನ ಕೇಳಿ ಹಾಕಿಸಿಕೊಳ್ಳುತ್ತಾರೆ. ಹೇಗೆ ಅಂತ ಬಹಳ ಮಂದಿ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಪೌನ್ಸ್, ಬೌನ್ಸ್ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನ ವಿವರಿಸಲ್ಲ.

ಮೊದಲು ಸೋತಿದ್ದು ಎಲ್ಲಿ ಅಂತ ಹೇಳುತ್ತೇನೆ. ಬ್ರ್ಯಾಂಡ್ ಹೆಸರು ಕೇಳುವುದು ಸುಲಭ, ಅದರಲ್ಲಿ ಮಜಾ ಇಲ್ಲ. ನನಗೆ ಬೇಕಿದ್ದದ್ದು ಟ್ಯೂನ್ ಕೇಳಿ ಕಾರ್ಯಕ್ರಮದ ಹೆಸರು ಹೇಳಿಸುವುದು. ನಿರ್ಮಾ ಹಾಕಿದೆ. ಒಂದು ತಂಡ 'ರಾಮಾಯಣ' ಅಂದಿತು, ಇನ್ನೊಂದು 'ಚಿತ್ರಹಾರ್' ಅಂದಿತು, ಮೂರನೆಯದು ಭಾನುವಾರದ ಸಿನಿಮಾ ಅಂದಿತು. ಮೂವರೂ ತಮ್ಮ ಮನೆಯ ಟಿವಿಯಲ್ಲಿ ಕಂಡಿದ್ದನ್ನೇ ಹೇಳುತ್ತಿದ್ದರು, ಯಾರದ್ದು ತಪ್ಪು ಅಂತ ಹೇಳೋದು? ಎಲ್ಲ ಕಡೆ ಬರುತ್ತಿದ್ದ ಜಾಹೀರಾತು ಯಾವ ಕಾರ್ಯಕ್ರಮದ್ದೂ ಅಲ್ಲ. ಜನರ ನೆನಪು ಮಾತ್ರ ಅದನ್ನ ಒಂದಕ್ಕೆ ಗಂಟು ಹಾಕಿಬಿಟ್ಟಿರುತ್ತದೆ, ಮತ್ತೆ ಮನೆಮನೆಗೂ ಆ ಗಂಟು ಬೇರೆ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಜಾಹೀರಾತಿಗೂ ಕಾರ್ಯಕ್ರಮಕ್ಕೂ ನಡುವೆ ಪ್ರಾಯೋಜಕತ್ವದ ನಂಟು ಇರಬೇಕು, ಇಲ್ಲವೇ ಅದು ಒಂದೇ ಸೀಸನ್‌ಗಾಗಿ ತಯಾರಾಗಿರಬೇಕು. ಬರೀ 'ಆಗ ಇದೂ ಬರ್ತಿತ್ತು' ಅನ್ನೋದು ಸಾಲದು. ಈ ಜರಡಿ ಹಿಡಿದರೆ ನೂರರಲ್ಲಿ ಹತ್ತು ಹನ್ನೆರಡು ಜಿಂಗಲ್ ಉಳಿದರೆ ಹೆಚ್ಚು. ಆದರೆ ಉಳಿದವು ಗಟ್ಟಿ. 1984ರಲ್ಲಿ ಶುರುವಾದ 'ಹಮ್ ಲೋಗ್'ಗೆ ಮ್ಯಾಗಿ, ಅದೇ ವರ್ಷದ 'ಯೇ ಜೋ ಹೈ ಜಿಂದಗಿ'ಗೆ ವಿಕೋ, 2009ರ ಐಪಿಎಲ್‌ಗೆ ವೊಡಾಫೋನ್‌ನ ಜೂಜೂಗಳು. ಹೆಸರಲ್ಲೇ ಪ್ರಾಯೋಜಕರಿರುವ 'ಬಿನಾಕಾ ಗೀತಮಾಲಾ', 'ಬೋರ್ನ್‌ವೀಟಾ ಕ್ವಿಜ್ ಕಾಂಟೆಸ್ಟ್' ತರಹದವನ್ನ ನಾನು ಮುಟ್ಟಲ್ಲ. ಉತ್ತರ ಪ್ರಶ್ನೆಯಲ್ಲೇ ಕೂತಿರುತ್ತದೆ.

ವಿಕೋದ್ದನ್ನೇ ಪೂರ್ತಿ ಹೇಳುತ್ತೇನೆ. ಮೊದಲ ಸಲ ಜಿಂಗಲ್ ಅಷ್ಟೇ ಹಾಕಿ 'ಯಾವ ಧಾರಾವಾಹಿ?' ಅಂತ ಕೇಳಿದೆ. ಅರ್ಧ ಸಭಾಂಗಣ 'ಸಿನಿಮಾ ಥಿಯೇಟರ್' ಅಂದಿತು, ಇನ್ನರ್ಧ 'ಬಾಡಿಗೆ ವಿಡಿಯೋ ಕ್ಯಾಸೆಟ್' ಅಂದಿತು. ಅವರ ಮಾತೂ ಸರಿ, ವಿಕೋದವರು ಎರಡರಲ್ಲೂ ಜಾಹೀರಾತು ಹಾಕುತ್ತಿದ್ದರು. ಈಗ ಅದೇ ಪ್ರಶ್ನೆಯನ್ನ ಮೂರು ಮೆಟ್ಟಿಲು ಮಾಡಿದ್ದೇನೆ. ಮೊದಲು ಬರೀ ವಾದ್ಯ, ನಾಲ್ಕು ಸೆಕೆಂಡಿನಷ್ಟು, ಮಾತು ಶುರುವಾಗುವ ಮುಂಚೆಯೇ ಕತ್ತರಿ. ಜೊತೆಗೆ ಬಾಯಲ್ಲಿ ಒಂದು ಸಾಲು: 'ಈ ಕಂಪನಿ ಪ್ರಾಯೋಜಿಸಿದ ದೂರದರ್ಶನದ ಹಾಸ್ಯ ಧಾರಾವಾಹಿ ಯಾವುದು?' ಈ ಸಾಲು ಬಂದ ಮೇಲೆ ಥಿಯೇಟರ್, ಕ್ಯಾಸೆಟ್ ಎರಡೂ ಹೊರಗೆ. ಇಲ್ಲಿ ಪೌನ್ಸ್ ಮಾಡಿದವರಿಗೆ ಪೂರ್ತಿ ಅಂಕ. ಎರಡನೆಯದು, ಇದು ಕಾಸ್ಮೆಟಿಕ್ ಅಲ್ಲ ಅಂತ ಹಾಡುವ ಆ ಸಾಲು. ಬ್ರ್ಯಾಂಡ್ ಎಲ್ಲರಿಗೂ ಗೊತ್ತಾಗುತ್ತೆ, ಧಾರಾವಾಹಿ ಮಾತ್ರ ಇನ್ನೂ ನಾಲಿಗೆ ತುದಿಯಲ್ಲೇ. ಮೂರನೆಯದು ಜಾಹೀರಾತೇ ಅಲ್ಲ: 'ಇದರಲ್ಲಿ ಸತೀಶ್ ಶಾ ಕಂತಿಗೊಂದು ಪಾತ್ರ ಮಾಡುತ್ತಿದ್ದರು.' ಅಷ್ಟಕ್ಕೂ ಬರದಿದ್ದರೆ ಪಾಸ್.

ಪೌನ್ಸ್ ಚೀಟಿಯನ್ನ ಎರಡನೇ ತುಣುಕು ಹಾಕುವ ಮುಂಚೆಯೇ ವಸೂಲಿ ಮಾಡಿಬಿಡಬೇಕು. ಕಾರಣ ಸರಳ. ಜಿಂಗಲ್ ಕೇಳಿದ ತಕ್ಷಣ ಯಾರೋ ಒಬ್ಬರು ಮುಂದಿನ ಸಾಲು ಗುನುಗೇ ಗುನುಗುತ್ತಾರೆ, ತಡೆಯೋಕೆ ಅವರಿಗೂ ಆಗಲ್ಲ. ಅಷ್ಟಾದರೆ ಪಕ್ಕದ ಟೇಬಲ್‌ಗೆ ಪುಕ್ಕಟೆ ಉತ್ತರ.

ಇನ್ನು ತುಣುಕುಗಳು ಎಲ್ಲಿ ಸಿಗುತ್ತವೆ ಅಂತ. ಆನ್‌ಲೈನ್‌ನಲ್ಲಿ ಇರುವುದನ್ನ ಎಲ್ಲರೂ ಕೇಳಿ ಕೇಳಿ ಸವೆಸಿದ್ದಾರೆ, ಮೇಲಾಗಿ ಅದು ಯಾವ ಕಾರ್ಯಕ್ರಮದ ನಡುವೆ ಬಂತು ಅನ್ನೋದಕ್ಕೆ ಗುರುತೇ ಇರಲ್ಲ. ನನಗೆ ಬೇಕಾಗಿದ್ದು ಟಿವಿಯಿಂದ ನೇರ ರೆಕಾರ್ಡ್ ಮಾಡಿದ ಹಳೇ ವಿಎಚ್‌ಎಸ್ ಕ್ಯಾಸೆಟ್. ಬೇರೆಯವರ ಮನೆಯ ಅಟ್ಟದ ಡಬ್ಬಗಳನ್ನ ಬೇಡಿ ತಂದಿದ್ದೇನೆ. ಇಲ್ಲೊಂದು ತಮಾಷೆ ಇದೆ. ಶಿಸ್ತಿನ ಮನುಷ್ಯರ ಕ್ಯಾಸೆಟ್ ನಮಗೆ ಉಪಯೋಗಕ್ಕೆ ಬರಲ್ಲ. ಅವರು ಬ್ರೇಕ್ ಬಂದಾಗ ಪಾಜ್ ಬಟನ್ ಒತ್ತಿ ಕೂತಿರುತ್ತಿದ್ದರು, ಜಾಹೀರಾತೇ ಇರಲ್ಲ. ರೆಕಾರ್ಡ್ ಒತ್ತಿ ಅಡುಗೆಮನೆಗೆ ಹೋದವರ ಕ್ಯಾಸೆಟ್ ಇದೆಯಲ್ಲ, ಅದೇ ಚಿನ್ನ. 'ಈ ಕಾರ್ಯಕ್ರಮದ ಪ್ರಾಯೋಜಕರು' ಅನ್ನುವ ಧ್ವನಿಯಿಂದ ಹಿಡಿದು ಎಲ್ಲ ಸಾಲಾಗಿ ಸಿಗುತ್ತದೆ. ಆ ಧ್ವನಿ ಟೇಪಿನಲ್ಲಿ ಸಿಕ್ಕಿತು ಅಂದರೆ ಸಾಕ್ಷಿ ಕೈಗೆ ಬಂದ ಹಾಗೆ, ಆಮೇಲೆ ಯಾರೂ ವಾದ ಮಾಡಲ್ಲ.

ದುಡ್ಡು ಹೋಗಿದ್ದು ಕ್ಯಾಸೆಟ್‌ಗಲ್ಲ, ವಿಸಿಆರ್‌ಗೆ. ಹಳೇ ಟೇಪಿನ ಅಂಚಿನಲ್ಲಿ ಬೂದು ಬಣ್ಣದ ಬೂಸ್ಟು ಕಂಡರೆ ಹಾಕಲೇಬೇಡಿ. ಒಂದು ಟೇಪಿನ ಬೂಸ್ಟು ಹೆಡ್‌ಗೆ ಅಂಟಿ ಮುಂದಿನ ನಾಲ್ಕಕ್ಕೂ ಹತ್ತುತ್ತದೆ. ಹೆಡ್ ರಿಪೇರಿಗೆ ಕೊಟ್ಟಿದ್ದು, ನಾನು ಆ ವರ್ಷ ಪ್ರವೇಶ ಶುಲ್ಕದಿಂದ ಉಳಿಸಿದ್ದರ ಮುಕ್ಕಾಲು ಪಾಲು ಇರಬಹುದು. ಟೈಮೂ ಹಾಗೇ ಹೋಗುತ್ತೆ. ಮೂರು ಗಂಟೆಯ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಸೋಕೆ ಮೂರು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಅಷ್ಟರಲ್ಲಿ ಕೆಲಸಕ್ಕೆ ಬರೋದು ಐದಾರು ನಿಮಿಷ.

ಕತ್ತರಿಸುವುದು ಆಡಾಸಿಟಿಯಲ್ಲಿ. ಎಲ್ಲ ತುಣುಕಿನ ಸದ್ದನ್ನೂ ಒಂದೇ ಮಟ್ಟಕ್ಕೆ ತನ್ನಿ. ಇಲ್ಲದಿದ್ದರೆ ಕೆಲವರು ಟ್ಯೂನ್ ಬಿಟ್ಟು ಟೇಪಿನ ಸೂಂ ಸದ್ದಿನಿಂದಲೇ ಯಾವ ಕಾಲದ್ದು ಅಂತ ಅಂದಾಜು ಮಾಡುತ್ತಾರೆ. ನನ್ನ ಗಿರಾಕಿಗಳು ಅಷ್ಟು ಘಾಟಿಗಳು. ಎಲ್ಲಿ ಕತ್ತರಿಸಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನ ಮಾತ್ರ ಇಲ್ಲಿ ಬರೆಯಲ್ಲ.

ಸುಮ್ನೆ ಮಾಡಿ ನೋಡಿದ ಪ್ರಯೋಗಗಳೂ ಇವೆ. ಲಿರಿಲ್ ಟ್ಯೂನ್ ಹಾಕಿ, ಹಿಂದೆಯೇ 'ಭಾರತ್ ಏಕ್ ಖೋಜ್' ಶೀರ್ಷಿಕೆ ಸಂಗೀತ ಹಾಕಿ, ನಂಟು ಏನು ಅಂತ ಕೇಳಿದೆ. ಎರಡೂ ವನರಾಜ್ ಭಾಟಿಯಾ ಅವರ ಸಂಗೀತ. ಸೋಪಿನ ಜಲಪಾತದಿಂದ ಋಗ್ವೇದಕ್ಕೆ ಹಾರುವುದು ಕಂಡು ಸಭೆ ಚಪ್ಪಾಳೆ ಹೊಡೆಯಿತು. ಟೈಟನ್ ಟ್ಯೂನ್ ಮಾತ್ರ ಉಲ್ಟಾ ಹೊಡೆಯಿತು. ಅದು ಮೊಜಾರ್ಟ್‌ನ 25ನೇ ಸಿಂಫನಿ. ನಾನು ಆರ್ಕೆಸ್ಟ್ರಾ ನುಡಿಸಿದ ಮೂಲವನ್ನೇ ಹಾಕಿದರೂ ಎಲ್ಲರೂ 'ಟೈಟನ್' ಅಂತಲೇ ಬರೆದುಕೊಟ್ಟರು. ಒಂದು ಕಾರ್ಯಕ್ರಮಕ್ಕೂ ಸೇರದ ಜಿಂಗಲ್ ಅಂದರೆ ಅದೇ.

ಜೂಜೂ ಪ್ರಶ್ನೆ ಹುಡುಗರಿಗೆ. ಆ ಗೊಣಗುಟ್ಟುವ ಭಾಷೆಯನ್ನ ಎರಡು ಸೆಕೆಂಡ್ ಕೇಳಿಸಿ, 'ಇವು ಮೊದಲು ಬಂದ ಟೂರ್ನಿ ನಡೆದ ದೇಶ ಯಾವುದು?' ಅಂತ ಕೇಳುತ್ತೇನೆ. ಬಹಳಷ್ಟು ಮಂದಿ ಭಾರತ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಆ ವರ್ಷ ಲೋಕಸಭಾ ಚುನಾವಣೆ ಇದ್ದದ್ದರಿಂದ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು, ಜೂಜೂ ಜಾಹೀರಾತುಗಳ ಚಿತ್ರೀಕರಣವೂ ಅಲ್ಲೇ ಕೇಪ್‌ಟೌನ್‌ನಲ್ಲಿ ಆಗಿತ್ತು. ಹಿರಿಯರ ತಂಡಗಳು ವಿಕೋದಲ್ಲಿ ಗಳಿಸಿದ್ದನ್ನ ಇಲ್ಲಿ ಕಳೆದುಕೊಳ್ಳುತ್ತವೆ. ಹಾಗಾಗಿ ಎರಡು ಕಾಲದ ಪ್ರಶ್ನೆಗಳನ್ನೂ ಸಮ ಇಡಿ, ಇಲ್ಲದಿದ್ದರೆ ವಯಸ್ಸೇ ಗೆಲ್ಲುತ್ತೆ.

ರೌಂಡಿನ ವಿಡಿಯೋ ಹಾಕಿದಾಗ ಜಿಂಗಲ್ ಬಂದ ಕಡೆಯೆಲ್ಲ ಸದ್ದು ಮಾಯ ಆಗಿತ್ತು, ಹಕ್ಕುಸ್ವಾಮ್ಯದ ಕಾಟ. ಈಗ ಆನ್‌ಲೈನ್ ಕ್ವಿಜ್‌ಗೆ ಒಬ್ಬರ ಕೈಲಿ ಸಿಳ್ಳೆ ಹೊಡೆಸುತ್ತೇನೆ. ಸಿಳ್ಳೆಯಲ್ಲಿ ಮಾತಿರಲ್ಲ, ಆದ್ದರಿಂದ ಬ್ರ್ಯಾಂಡ್ ಹೆಸರು ತಾನಾಗಿ ಮುಚ್ಚಿಕೊಳ್ಳುತ್ತದೆ. ಕತ್ತರಿ ಕೆಲಸವೂ ಉಳಿಯಿತು.

ಶಿಸ್ತಿನವರ ಕ್ಯಾಸೆಟ್ ಉಪಯೋಗಕ್ಕೆ ಬರಲ್ಲ ಅಂದೆನಲ್ಲ, ಪೂರ್ತಿ ಹಾಗಲ್ಲ. ಬ್ರೇಕ್ ಬಂತು ಅಂತ ಗೊತ್ತಾಗಿ ಬಟನ್ ಒತ್ತುವಷ್ಟರಲ್ಲಿ ಅರ್ಧ ಸೆಕೆಂಡ್ ಜಾಹೀರಾತು ಒಳಗೆ ನುಸುಳಿರುತ್ತದೆ. ಒಂದೇ ಒಂದು ಸ್ವರ, ಆಮೇಲೆ ಟಕ್ ಅಂತ ಧಾರಾವಾಹಿ. ಅಂಥವನ್ನ ಹೆಕ್ಕಿ ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ, ಟೈಬ್ರೇಕರ್‌ಗೆ ಮಾತ್ರ. ಇಲ್ಲಿಯತನಕ ಯಾವ ತಂಡವೂ ಮೊದಲ ಸಲಕ್ಕೇ ಹಿಡಿದಿಲ್ಲ.